ಶಿವಮೊಗ್ಗ–ಉಡುಪಿ ಮಿನಿ ಬಸ್ಸು: ಆಗುಂಬೆ ತಿರುವಲ್ಲಿ ವಾಂತಿ ಆಗದ ಹಾಗೆ ಎಲ್ಲಿ ಕೂರೋದು, ಏನು ತಿನ್ನೋದು, ಮಾತ್ರೆ ಯಾವಾಗ?

ತುಂಗಾತೀರ
ಮುಂದಿನ ಭಾನುವಾರ ಶಿವಮೊಗ್ಗದಿಂದ ಉಡುಪಿಗೆ ಹೊರಟಿದ್ದೇವೆ. ಬೆಳಿಗ್ಗೆ ಏಳರ ಮಿನಿ ಬಸ್ಸು, ತೀರ್ಥಹಳ್ಳಿ–ಆಗುಂಬೆ–ಹೆಬ್ರಿ ದಾರಿ. ಜೊತೆಗೆ 62 ವರ್ಷದ ಅಮ್ಮ, 8 ವರ್ಷದ ಮಗಳು. ಇಬ್ಬರಿಗೂ ಬಸ್ಸು ಆಗಿಬರಲ್ಲ. ಕಾರು ಮಾಡೋ ಯೋಚನೆ ಇಲ್ಲ, ದಯವಿಟ್ಟು ಅದನ್ನ ಹೇಳಬೇಡಿ.

ಸದ್ಯ ಅಂದುಕೊಂಡಿರೋದು ಇಷ್ಟು. ಖಾಲಿ ಹೊಟ್ಟೇಲಿ ಹೊರಡೋದು. ಇಬ್ಬರಿಗೂ ಕಿಟಕಿ ಪಕ್ಕದ ಸೀಟು. ಆಗುಂಬೆಯಲ್ಲಿ ಬಸ್ಸು ನಿಂತಾಗ, ಘಾಟಿ ಇಳಿಯೋ ಮುಂಚೆ, ಒಂದೊಂದು ಅವೊಮಿನ್ ಮಾತ್ರೆ. ಕೈಯಲ್ಲಿ ನಿಂಬೆಹಣ್ಣು. ಇದರಲ್ಲಿ ತಪ್ಪೇನಾದ್ರೂ ಇದೆಯಾ?

ಗಿರ್ಮಿಟ್
ನಿಂಬಿಹಣ್ಣು ಒಂದು ಬಿಟ್ಟು ಉಳಿದಿದ್ದೆಲ್ಲಾ ತಪ್ಪ ಅದಾವ ನೋಡ್ರಿ 😄

ಕೊನೇಸೀಟು
ಹಿಂದೆ ಕೂರಬೇಡಿ, ಅಷ್ಟೇ. ಹಿಂದಿನ ಚಕ್ರದ ಮೇಲೆ ಕೂತರೆ ಎತ್ತಿ ಎತ್ತಿ ಹಾಕುತ್ತೆ, ಹೊಟ್ಟೆ ಕುಲುಕಿ ವಾಂತಿ ಬರುತ್ತೆ. ಮುಂದೆ ಕೂತರೆ ಎಲ್ಲಾ ಸರಿ ಹೋಗುತ್ತೆ.

ಘಾಟಿಲೆಕ್ಕ
ಕೊನೇಸೀಟು ಅವರು ಹೇಳಿದ ಜಾಗ ಸರಿ, ಕಾರಣ ಸರಿಯಿಲ್ಲ. ಎತ್ತಿಹಾಕೋದರಿಂದ ಸೊಂಟ ನೋಯುತ್ತೆ, ವಾಂತಿ ಬರೋದು ಕಮ್ಮಿ. ವಾಂತಿ ತರೋದು ನಿಧಾನದ ತೂಗಾಟ. ನಾಲ್ಕೈದು ಸೆಕೆಂಡಿಗೊಂದು ಸಲ ಮೈ ಎಡಕ್ಕೆ ಬಲಕ್ಕೆ ವಾಲೋದು, ಬ್ರೇಕ್ ಹಾಕಿದಾಗ ಮುಂದಕ್ಕೆ ಹೋಗಿ ಮತ್ತೆ ಹಿಂದಕ್ಕೆ ಬರೋದು, ಆ ಲಯ ದೇಹಕ್ಕೆ ಆಗಲ್ಲ. ಗುಂಡಿ ಬಿದ್ದ ನೇರ ರಸ್ತೇಲಿ ಹಲ್ಲು ಕಟಕಟ ಅಂದರೂ ವಾಂತಿ ಆಗದವರು, ನುಣುಪಾದ ಡಾಂಬರಿನ ಘಾಟೀಲಿ ಬಿಳಿಚಿಕೊಳ್ಳೋದು ಇದಕ್ಕೇ. ತಿರುವಲ್ಲಿ ಬಸ್ಸಿನ ಬಾಲ ಬೀಸೋದರಿಂದ ಹಿಂದೆ ಕೂತವರಿಗೆ ಈ ತೂಗಾಟ ಜಾಸ್ತಿ. ಅದಕ್ಕಿಂತ ಮುಖ್ಯವಾಗಿ ಅಲ್ಲಿಂದ ಮುಂದಿನ ರಸ್ತೆ ಕಾಣಲ್ಲ.

ಕಿವಿಯೊಳಗಿನ ಸಮತೋಲದ ಅಂಗ "ತಿರುಗ್ತಾ ಇದ್ದೀವಿ" ಅನ್ನುತ್ತೆ. ಕಣ್ಣಿಗೆ ಕಾಣೋದು ಅಲ್ಲಾಡದ ಸೀಟಿನ ಬೆನ್ನು, ಅಥವಾ ಮೊಬೈಲು. ಎರಡಕ್ಕೂ ತಾಳೆ ಆಗದೆ ಮಿದುಳು ಗೊಂದಲಕ್ಕೆ ಬೀಳುತ್ತೆ. ಡ್ರೈವರಿಗೆ ಯಾಕೆ ವಾಂತಿ ಆಗಲ್ಲ? ಮುಂದಿನ ತಿರುವು ಅವರಿಗೆ ಮೊದಲೇ ಗೊತ್ತು, ಮೈ ಮೊದಲೇ ಸಿದ್ಧವಾಗುತ್ತೆ. ಪ್ರಯಾಣಿಕರಿಗೂ ಆ ಮುನ್ಸೂಚನೆ ಸಿಗೋ ಹಾಗೆ ಮಾಡೋದೇ ಸೀಟಿನ ಲೆಕ್ಕ.

ಘಾಟಿಲೆಕ್ಕ
ಇನ್ನೊಂದು. ಮಾತ್ರೆ ಆಗುಂಬೆಯಲ್ಲಿ ತಗೊಂಡರೆ ಪ್ರಯೋಜನವಿಲ್ಲ. ಘಾಟಿ ಹತ್ತು ಕಿಲೋಮೀಟರ್ ಚಿಲ್ಲರೆ, ಬಸ್ಸು ಅರ್ಧ ಗಂಟೆಯೊಳಗೆ ಸೋಮೇಶ್ವರ ಮುಟ್ಟಿರುತ್ತೆ. ಮಾತ್ರೆ ಹಿಡಿಯೋಕೆ ಒಂದರಿಂದ ಎರಡು ಗಂಟೆ ಬೇಕು. ಹೆಬ್ರಿ ದಾಟಿದ ಮೇಲೆ ಅಮ್ಮ ಮಗಳು ಇಬ್ಬರೂ ಗಡದ್ದಾಗಿ ನಿದ್ದೆ ಮಾಡ್ತಾರೆ, ಅಷ್ಟೇ ಲಾಭ.

ಹೆಬ್ರಿಪೇಟೆ
ಹೆಬ್ರಿಯಲ್ಲಿ ಅಂಥವರು ಬೇಕಾದಷ್ಟು ಇಳೀತಾರೆ ಮಾರಾಯ್ರೆ, ಕಣ್ಣು ಬಿಡ್ಲಿಕ್ಕೆ ಆಗುದಿಲ್ಲ. 🙂

ಮೆಡಿಕಲ್‌ಶಾಪ್
ಔಷಧಿ ಅಂಗಡಿಯಲ್ಲಿ ದಿನಾ ಕಾಣೋ ತಪ್ಪು ಇದು. ಬಸ್ಸು ಹಾರ್ನ್ ಹೊಡೀತಾ ಇರುವಾಗ ಓಡಿ ಬಂದು ಮಾತ್ರೆ ಕೇಳ್ತಾರೆ.

ಅವೊಮಿನ್ ಅಂದರೆ ಪ್ರೊಮೆಥಜಿನ್ 25 ಮಿಲಿಗ್ರಾಂ. ದೊಡ್ಡವರಿಗೆ ಒಂದು ಮಾತ್ರೆ, ಹೊರಡೋ ಒಂದೆರಡು ಗಂಟೆ ಮುಂಚೆ. ಐದರಿಂದ ಹತ್ತು ವರ್ಷದ ಮಕ್ಕಳಿಗೆ ಸಾಮಾನ್ಯವಾಗಿ ಅರ್ಧ, ಆದರೂ ಮಗುವಿನ ತೂಕ ಹೇಳಿ ನಿಮ್ಮ ಮಕ್ಕಳ ಡಾಕ್ಟರನ್ನ ಒಂದು ಸಲ ಕೇಳಿ. ನಿದ್ದೆ ಬರುತ್ತೆ, ಬಾಯಿ ಒಣಗುತ್ತೆ.

ವಾಕರಿಕೆ ಶುರುವಾದ ಮೇಲೆ ಮಾತ್ರೆ ನುಂಗೋದು ವ್ಯರ್ಥ. ಅಷ್ಟೊತ್ತಿಗೆ ಹೊಟ್ಟೆ ಕೆಲಸ ನಿಧಾನ ಮಾಡಿರುತ್ತೆ, ಮಾತ್ರೆ ಕೆಳಗೆ ಇಳಿಯಲ್ಲ. ಬಹಳ ಸಲ ವಾಂತಿಯ ಜೊತೆಗೇ ಹೊರಗೆ ಬರುತ್ತೆ.

ಕೊನೇಸೀಟು
ಅವೊಮಿನ್ ಯಾಕೆ, ನಿದ್ದೆ ಬರದ ಎಮೆಸೆಟ್ ಕೊಡಿ. ವಾಂತಿಗೆ ಅದಕ್ಕಿಂತ ಒಳ್ಳೇದಿಲ್ಲ. ಆಸ್ಪತ್ರೇಲೂ ಅದನ್ನೇ ಕೊಡ್ತಾರೆ.

ಮೆಡಿಕಲ್‌ಶಾಪ್
ಆಸ್ಪತ್ರೇಲಿ ಕೊಡೋದು ಹೊಟ್ಟೆ ಕೆಟ್ಟಾಗ, ಆಪರೇಷನ್ ಆದಮೇಲೆ, ಕೀಮೋ ಆದಮೇಲೆ. ಆ ವಾಂತಿಯ ದಾರಿ ಬೇರೆ, ಬಸ್ಸಿನ ವಾಂತಿ ಕಿವಿಯಿಂದ ಬರೋ ದಾರಿ ಬೇರೆ. ಎಮೆಸೆಟ್‌ನಲ್ಲಿರೋ ಆಂಡಾನ್ಸೆಟ್ರಾನ್ ಈ ಎರಡನೇ ದಾರೀನ ಅಷ್ಟಾಗಿ ತಡೆಯಲ್ಲ. ಡೊಮ್‌ಸ್ಟಾಲ್ ಕತೇನೂ ಹೆಚ್ಚುಕಡಿಮೆ ಅದೇ. ಬಸ್ಸಿಗೆ ಕೆಲಸ ಮಾಡೋದು ಪ್ರೊಮೆಥಜಿನ್, ಡೈಮೆನ್‌ಹೈಡ್ರಿನೇಟ್, ಸಿನರಿಜಿನ್, ಮೆಕ್ಲಿಜಿನ್ ಥರದವು. ಇವೆಲ್ಲಾ ಸ್ವಲ್ಪವೋ ಜಾಸ್ತಿಯೋ ನಿದ್ದೆ ತರುವವೇ. ನಿದ್ದೆ ಬೇಡ, ವಾಂತಿನೂ ಬೇಡ ಅಂದರೆ ಸೀಟಿನ ಮೇಲೆ ಗಮನ ಕೊಡಿ.

ಕೊನೇಸೀಟು
ನಮ್ಮ ಕಡೆ ಎಲ್ಲರೂ ಅದನ್ನೇ ತಗೊಳ್ಳೋದು, ಕೆಲಸ ಮಾಡುತ್ತೆ ಅಂತಾರೆ.

ಮೆಡಿಕಲ್‌ಶಾಪ್
ಮಾತ್ರೆ ತಗೊಂಡಿದ್ದೀನಿ ಅನ್ನೋ ಧೈರ್ಯವೂ ಕೆಲಸ ಮಾಡುತ್ತೆ ಸ್ವಾಮಿ. ಅದನ್ನ ಮಾರೋಕೆ ನಮಗೆ ಲೈಸೆನ್ಸ್ ಇಲ್ಲ.

ಸರಸ್ವತಿ_ಬಿ
ನನಗೂ ಇದೇ ತೊಂದರೆ ಇದೆ. ಬೆಳಿಗ್ಗೆ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ಮನೆಯೆಲ್ಲಾ ಗಿರಗಿರ ಸುತ್ತುತ್ತೆ, ಅರ್ಧ ನಿಮಿಷಕ್ಕೆ ಸರಿಹೋಗುತ್ತೆ. ನಾನೂ ಅವೊಮಿನ್ ತಗೋಬಹುದಾ?

ಘಾಟಿಲೆಕ್ಕ
ಅಮ್ಮಾ, ಅದು ಬಸ್ಸಿನ ತೊಂದರೆ ಅಲ್ಲ. ಒಂದೇ ಮಗ್ಗುಲಿಗೆ ಹೊರಳಿದಾಗ ಸುತ್ತಿ ತಾನೇ ನಿಲ್ಲೋದು ಕಿವಿಯೊಳಗಿನ ಸಣ್ಣ ಹರಳು ಜಾಗ ತಪ್ಪಿದ್ದರಿಂದ ಇರಬಹುದು. ಇಎನ್‌ಟಿ ಡಾಕ್ಟರು ತಲೆಯನ್ನ ಒಂದು ಕ್ರಮದಲ್ಲಿ ಹೊರಳಿಸಿ ಅದನ್ನ ವಾಪಸ್ ಕೂರಿಸ್ತಾರೆ. ಮಾತ್ರೆ ನುಂಗ್ತಾ ಕೂರಬೇಡಿ, ತೋರಿಸಿ.

ಸರಸ್ವತಿ_ಬಿ
ಹೌದಾ, ಸರಿಯಪ್ಪ. ನಾನು ಬಿಪಿ ಅಂದುಕೊಂಡಿದ್ದೆ.

ತುಂಗಾತೀರ
ಸರಿ, ಮಾತ್ರೆ ಮನೇಲೇ. ಹಾಗಾದರೆ ಬೆಳಿಗ್ಗೆ ಆರಕ್ಕೆ ಕೊಟ್ಟರೆ ಆಗುಂಬೆ ಹೊತ್ತಿಗೆ ಇಳಿದುಹೋಗಲ್ವಾ? ಬಸ್ಸು ಆಗುಂಬೆ ತಲುಪೋದೇ ಒಂಬತ್ತೂಮುಕ್ಕಾಲು.

ಘಾಟಿಲೆಕ್ಕ
ಇಳಿಯಲ್ಲ, ಅದರ ಪ್ರಭಾವ ಅರ್ಧ ದಿನವಾದರೂ ಇರುತ್ತೆ. ನೀವು ತಪ್ಪುತ್ತಿರೋದು ಬೇರೆ ಕಡೆ. ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನಷ್ಟೇ ಶತ್ರು ಅಂದುಕೊಂಡಿದ್ದೀರಿ. ಈ ದಾರಿಯಲ್ಲಿ ತಿರುವು ಶುರುವಾಗೋದು ಗಾಜನೂರು ದಾಟಿ, ಸಕ್ರೆಬೈಲಿನಿಂದ ಮಂಡಗದ್ದೆ ಕಡೆ ತುಂಗೆಯ ದಂಡೆ ಹಿಡಿದಾಗಲೇ. ಅವು ಮೆಲುವಾದ ತಿರುವುಗಳು, ಡ್ರೈವರ್ ವೇಗ ಕಡಿಮೆ ಮಾಡಲ್ಲ. ನಾನು ಹೇಳಿದ ನಾಲ್ಕೈದು ಸೆಕೆಂಡಿನ ತೂಗಾಟ ಸಿಗೋದು ಸರಿಯಾಗಿ ಅಲ್ಲೇ. ತೀರ್ಥಹಳ್ಳಿಯಿಂದ ಆಗುಂಬೆಗೆ ಮತ್ತೆ ಅದೇ ಕತೆ.

ಬಸ್ಸಿನ ವಾಂತಿ ಸಾಲದ ಹಾಗೆ. ತಿರುವು ತಿರುವಿಗೂ ಸ್ವಲ್ಪ ಸ್ವಲ್ಪ ಏರುತ್ತೆ, ನಿಂತಾಗ ಇಳಿಯುತ್ತೆ, ಆದರೆ ಏರಿದಷ್ಟು ಬೇಗ ಇಳಿಯಲ್ಲ. ಆಗುಂಬೆ ತಲುಪೋ ಹೊತ್ತಿಗೆ ಮುಕ್ಕಾಲು ಪಾಲು ತುಂಬಿರುತ್ತೆ. ಮೂರನೇ ಹೇರ್‌ಪಿನ್ನಲ್ಲಿ ವಾಂತಿ ಆದರೆ ಬೈಗುಳ ಆ ತಿರುವಿಗೆ, ತಪ್ಪು ಮಂಡಗದ್ದೆಯದು. ಅದಕ್ಕೇ ಏಳರ ಬಸ್ಸಿಗೆ ಆರಕ್ಕೆ ಮಾತ್ರೆ, ಮತ್ತೆ ಶಿವಮೊಗ್ಗ ಸ್ಟ್ಯಾಂಡಿಂದಲೇ ಸರಿಯಾದ ಸೀಟು. ತೀರ್ಥಹಳ್ಳಿಯಲ್ಲಿ ಸೀಟು ಬದಲಾಯಿಸೋಣ ಅನ್ನೋದು ತಡವಾಯ್ತು.

ಗಿರ್ಮಿಟ್
ಮಂಡಗದ್ದಿ ಪಕ್ಷಿಧಾಮ ಅಲ್ಲೇ ರಸ್ತಾ ಬಾಜೂಕ ಐತಲ್ರಿ, ಮಳಿಗಾಲದಾಗ ಗಿಡದ ತುಂಬ ಬೆಳ್ಳಕ್ಕಿ. ಮಗಳಿಗೆ ತೋರಸ್ರಿ.

ಘಾಟಿಲೆಕ್ಕ
ದಯವಿಟ್ಟು ಓಡೋ ಬಸ್ಸಲ್ಲಿ ತೋರಿಸಬೇಡಿ! ಪಕ್ಕದ ಕಿಟಕೀಲಿ ಹತ್ತಿರದ ಮರಗಳು ಸರಸರ ಓಡ್ತಿರುವಾಗ ಕತ್ತು ತಿರುಗಿಸಿ ಹಕ್ಕಿ ಹುಡುಕೋದು, ವಾಂತಿ ಬರಿಸೋಕೆ ಅದಕ್ಕಿಂತ ಒಳ್ಳೆ ಔಷಧಿ ಇಲ್ಲ.

ತುಂಗಾತೀರ
ಅಂದರೆ ಕಿಟಕಿ ಸೀಟು ಬೇಡವಾ? ಗಾಳಿ ಬೇಕಲ್ವಾ?

ಘಾಟಿಲೆಕ್ಕ
ಇಲ್ಲೇ ಎಲ್ಲರೂ ಎಡವೋದು. ಕಿಟಕಿ ಸೀಟು ಗಾಳಿಗೆ ಒಳ್ಳೇದು, ನೋಟಕ್ಕೆ ಅಲ್ಲ. ಅಲ್ಲಿಂದ ಕಾಣೋದು ಪಕ್ಕದ ಗೋಡೆ, ಮರ, ಕಣಿವೆ. ಮುಂದಿನ ರಸ್ತೆ ಕಾಣಬೇಕಾದರೆ ಎರಡನೇ ಅಥವಾ ಮೂರನೇ ಸಾಲಲ್ಲಿ ನಡುದಾರಿ ಪಕ್ಕದ ಸೀಟು. ಅಲ್ಲಿಂದ ದಾರಿಯುದ್ದಕ್ಕೂ ನೇರ ಮುಂದಿನ ಗಾಜು ಕಾಣುತ್ತೆ. ಅದಕ್ಕಿಂತ ಒಳ್ಳೇದು ಎಡಗಡೆ ಮೊದಲ ಸೀಟು. ಡ್ರೈವರ್ ಹಿಂದಿನ ಸೀಟಲ್ಲಿ ಬಹಳ ಬಸ್ಸುಗಳಲ್ಲಿ ತಡೆ ಅಡ್ಡ ಬರುತ್ತೆ, ಮುಂದೆ ಕೂತೂ ಏನೂ ಕಾಣಲ್ಲ.

ಮಿನಿ ಬಸ್ಸಲ್ಲಿ ಇನ್ನೊಂದು ಬಲೆ ಇದೆ. ಡ್ರೈವರ್ ಪಕ್ಕದ ಎಂಜಿನ್ ಬಾನೆಟ್ ಮೇಲೆ ಮಕ್ಕಳನ್ನ ಪ್ರೀತಿಯಿಂದ ಕೂರಿಸ್ತಾರೆ. ಬಿಸಿ, ಡೀಸೆಲ್ ವಾಸನೆ, ಮೇಲಾಗಿ ಹಿಂದಕ್ಕೋ ಅಡ್ಡಕ್ಕೋ ಮುಖ ಮಾಡಿ ಕೂರಬೇಕು. ಮೂರೂ ಒಟ್ಟಿಗೆ. ಬ್ರೇಕ್ ಹೊಡೆದರೆ ಹಿಡಿಯೋಕೂ ಏನಿಲ್ಲ. ಬೇಡವೇ ಬೇಡ.

ಹೆಬ್ರಿಪೇಟೆ
ನಡುದಾರಿ ಸೀಟು ಕಾಗದದಲ್ಲಿ ಚಂದ. ತೀರ್ಥಹಳ್ಳಿಯಲ್ಲಿ ಜನ ಹತ್ತಿದ ಮೇಲೆ ನಡುದಾರಿ ತುಂಬ ನಿಂತವರೇ. ಆಗ ಕಾಣುವುದು ಮುಂದಿನ ರಸ್ತೆ ಅಲ್ಲ, ಯಾರದೋ ಚೀಲ. ಗಾಳಿಯೂ ಇಲ್ಲ, ನೋಟವೂ ಇಲ್ಲ. ಅದಕ್ಕಿಂತ ಕಿಟಕಿಯೇ ವಾಸಿ.

ಘಾಟಿಲೆಕ್ಕ
ಅದು ನಿಜ, ಒಪ್ಪಿದೆ. ಭಾನುವಾರ ಜನ ಜಾಸ್ತಿ ಬೇರೆ. ನೋಟ ಮುಚ್ಚಿಹೋದರೆ ಎರಡನೇ ದಾರಿ ಕಣ್ಣು ಮುಚ್ಚೋದು. ಕಣ್ಣು ಸುಳ್ಳು ಹೇಳೋದು ನಿಂತರೆ ಅರ್ಧ ಜಗಳ ಮುಗೀತು. ತಲೆಯನ್ನ ಸೀಟಿಗೆ ಒತ್ತಿ ಒರಗಿಸಿ, ಅಲ್ಲಾಡದ ಹಾಗೆ. ಅರ್ಧ ಕಣ್ಣು ಬಿಟ್ಟು ಮೊಬೈಲ್ ನೋಡೋದು ಮಾತ್ರ ಬೇಡ.

ಪುರಾವೆಎಲ್ಲಿ
ಮುಂದೆ ನೋಡು ಅನ್ನೋದು ಸರಿ. ಆದರೆ ಎಂಟು ವರ್ಷದ ಮಗುವಿಗೆ ಯಾವ ಸೀಟಿಂದ ಮುಂದೆ ಕಾಣುತ್ತೆ? ಎದುರಿನ ಸೀಟಿನ ಬೆನ್ನೇ ಅದರ ಪ್ರಪಂಚ. ದೊಡ್ಡವರ ಅಳತೇಲಿ ಸಲಹೆ ಕೊಡ್ತಿದ್ದೀರಿ.

ಘಾಟಿಲೆಕ್ಕ
ಒಳ್ಳೆ ಪ್ರಶ್ನೆ. ಮಕ್ಕಳಿಗೆ ಮೂರರಿಂದ ಹನ್ನೆರಡು ವರ್ಷದ ನಡುವೆ ಈ ತೊಂದರೆ ಜಾಸ್ತಿ, ಅದಕ್ಕೆ ಸೀಟಿನ ಎತ್ತರವೂ ಸೇರಿಕೊಳ್ಳುತ್ತೆ. ಮಗುವಿನ ಕಣ್ಣಿನ ಎತ್ತರಕ್ಕೆ ನೀವು ಬಗ್ಗಿ ನೋಡಿ, ಏನು ಕಾಣುತ್ತೆ ಅಂತ. ನಡುದಾರಿ ಪಕ್ಕ ಕೂರಿಸಿದರೆ ಸೀಟಿನ ಬೆನ್ನಿನ ಪಕ್ಕದಿಂದ ಇಣುಕಬಹುದು. ಬಟ್ಟೆ ತುಂಬಿದ ಗಟ್ಟಿ ಚೀಲದ ಮೇಲೆ ಕೂರಿಸಿದರೆ ನಾಲ್ಕು ಬೆರಳು ಎತ್ತರ ಸಿಗುತ್ತೆ, ಆದರೆ ಜಾರುವ ಚೀಲ ಬೇಡ, ಪಕ್ಕದಲ್ಲಿ ನೀವು ಹಿಡಿದಿರಬೇಕು.

ತಲೆಯ ವಾಲಾಟದ ಒಂದು ಉಪಾಯ ಮಕ್ಕಳಿಗೆ ಚೆನ್ನಾಗಿ ಹತ್ತುತ್ತೆ. ಬಸ್ಸು ಎಡಕ್ಕೆ ತಿರುಗಿದರೆ ಪ್ರಯಾಣಿಕರ ತಲೆ ಬಲಕ್ಕೆ ಎಸೆದ ಹಾಗೆ ಹೋಗುತ್ತೆ. ಡ್ರೈವರನ್ನ ನೋಡಿ, ಅವರ ತಲೆ ತಿರುವಿನ ಒಳಗಡೆಗೇ ವಾಲುತ್ತೆ. ಅದನ್ನೇ ಮಾಡೋದು. ಎಡ ತಿರುವಿಗೆ ತಲೆ ಎಡಕ್ಕೆ, ಬಲ ತಿರುವಿಗೆ ಬಲಕ್ಕೆ, ಬಸ್ಸು ತಿರುಗೋ ಒಂದು ಕ್ಷಣ ಮುಂಚೆ. "ಮುಂದಿಂದು ಎಡವೋ ಬಲವೋ" ಅಂತ ಪಂದ್ಯ ಕಟ್ಟಿ. ಮುಂದೆ ನೋಡಲೇಬೇಕು, ಊಹಿಸಲೇಬೇಕು, ತಲೆ ತಾನೇ ವಾಲುತ್ತೆ. ಹದಿನಾಲ್ಕು ತಿರುವು ಎಣಿಸೋ ಹೊತ್ತಿಗೆ ಸೋಮೇಶ್ವರ ಬಂತು.

ಪುರಾವೆಎಲ್ಲಿ
ಇದು ಒಪ್ಪುವಂಥದ್ದು.

ಬೆಂಗ್ಳೂರ್‌ಬಸ್
ಮಿನಿ ಬಸ್ಸಿನ ಬದಲು ಏಸಿ ವೋಲ್ವೋದಲ್ಲಿ ಹೋಗಿ. ಸಸ್ಪೆನ್ಷನ್ ಚೆನ್ನಾಗಿರುತ್ತೆ, ಅಲ್ಲಾಡೋದೇ ಗೊತ್ತಾಗಲ್ಲ.

ಹೆಬ್ರಿಪೇಟೆ
ಆಗುಂಬೆಯಲ್ಲಿ ವೋಲ್ವೋ ಇಳಿಸ್ಲಿಕ್ಕೆ ಜಾಗ ಉಂಟಾ? ಆ ತಿರುವಲ್ಲಿ ಅದರ ಮೂತಿ ಒಂದು ಕಡೆ, ಬಾಲ ಇನ್ನೊಂದು ಕಡೆ ಆದೀತು. ಅದಕ್ಕೇ ಅಲ್ಲಿ ಮಿನಿ ಬಸ್ಸು ಓಡುದು.

ಘಾಟಿಲೆಕ್ಕ
ಮೆತ್ತನೆ ಸಸ್ಪೆನ್ಷನ್ ಗುಂಡಿಯನ್ನ ನುಂಗುತ್ತೆ, ತಿರುವನ್ನ ನುಂಗಲ್ಲ. ಶಿರಾಡಿಯಲ್ಲಿ ಏಸಿ ಬಸ್ಸಿನವರಿಗೂ ಚೆನ್ನಾಗಿಯೇ ಆಗುತ್ತೆ: ಮುಚ್ಚಿದ ಕಿಟಕಿ, ಎಳೆದ ಪರದೆ, ಯಾರೋ ಬಿಚ್ಚಿದ ಚಿಪ್ಸಿನ ವಾಸನೆ. ಬಸ್ಸಿಗಿಂತ ಡ್ರೈವರಿನ ಬಲಗಾಲು ಮುಖ್ಯ. ತಿರುವಿಗೆ ಮುಂಚೆ ನಿಧಾನ ಮಾಡಿ ಒಂದೇ ಹದದಲ್ಲಿ ತಿರುಗಿಸೋರ ಬಸ್ಸಲ್ಲಿ ಆಗೋ ವಾಂತಿಗೂ, ತಿರುವಿನ ನಡುವೆ ಬ್ರೇಕ್ ಒತ್ತಿ ಮತ್ತೆ ಎಳೆಯೋರ ಬಸ್ಸಲ್ಲಿ ಆಗೋದಕ್ಕೂ ಅಜಗಜಾಂತರ. ಅದು ಮಾತ್ರ ನಮ್ಮ ಕೈಲಿಲ್ಲ.

ಬೆಂಗ್ಳೂರ್‌ಬಸ್
ಬೆಂಗಳೂರಿಂದ ಬರೋರಿಗೆ ರಾತ್ರಿ ಸ್ಲೀಪರ್ ಪರವಾಗಿಲ್ಲ ತಾನೆ?

ಘಾಟಿಲೆಕ್ಕ
ಪರವಾಗಿಲ್ಲ, ಒಳ್ಳೇದೇ. ಅಂಗಾತ ಮಲಗಿ ನಿದ್ದೆ ಮಾಡ್ತಿರೋರಿಗೆ ತುಂಬಾ ಕಮ್ಮಿ. ಕೆಳಗಿನ ಬರ್ತು, ಬಸ್ಸಿನ ಮಧ್ಯದ ಭಾಗ. ಮೇಲಿನ ಬರ್ತು ತಿರುವಲ್ಲಿ ಹೆಚ್ಚು ಓಲಾಡುತ್ತೆ. ರಾತ್ರಿ ಹತ್ತು ಹತ್ತೂವರೆಗೆ ಹೊರಟ ಬಸ್ಸು ಸಕಲೇಶಪುರ ದಾಟೋದು ನಡುರಾತ್ರಿ ಕಳೆದು, ಆಗ ನಿದ್ದೆ ಗಟ್ಟಿ ಇರಬೇಕು. ಹಾಸನದ ಹತ್ತಿರ ಊಟಕ್ಕೆ ನಿಲ್ಲಿಸಿದಾಗ ಎದ್ದು ಪರೋಟ ಕುರ್ಮ ತಿನ್ನೋರಿಗೆ ಈ ಲೆಕ್ಕ ಅನ್ವಯಿಸಲ್ಲ.

ಗಿರ್ಮಿಟ್
ಶಿವಮೊಗ್ಗಾದಿಂದ ಟ್ರೇನ್ ಇಲ್ಲೇನ್ರಿ ಉಡುಪಿಗೆ?

ತುಂಗಾತೀರ
ನೇರ ಇಲ್ಲ. ಅರಸೀಕೆರೆ, ಹಾಸನ, ಮಂಗಳೂರು ಸುತ್ತಿ ಬರಬೇಕು. ಅಷ್ಟರಲ್ಲಿ ಬಸ್ಸಲ್ಲಿ ಹೋಗಿ ವಾಪಸ್ ಬರಬಹುದು.

ಊಟದ ವಿಷಯ ಯಾರೂ ಹೇಳಲಿಲ್ಲ. ಖಾಲಿ ಹೊಟ್ಟೆ ಯಾಕೆ ತಪ್ಪು? ಒಳಗೆ ಏನೂ ಇಲ್ಲದಿದ್ದರೆ ಹೊರಗೇನು ಬರುತ್ತೆ?

ಹೆಬ್ರಿಪೇಟೆ
ಹಳದಿ ಪಿತ್ತ ಬರ್ತದೆ. ಇಡ್ಲಿ ವಾಂತಿ ಆದರೆ ಹತ್ತು ನಿಮಿಷದಲ್ಲಿ ಮನುಷ್ಯ ಸರಿ ಆಗ್ತಾನೆ. ಪಿತ್ತ ಕಕ್ಕಿದರೆ ಗಂಟಲು ಉರಿದು ಸಂಜೆವರೆಗೆ ತಲೆನೋವು.

ಘಾಟಿಲೆಕ್ಕ
ಹಸಿದ ಹೊಟ್ಟೆಗೂ ವಾಕರಿಕೆ ಬೇಗ ಬರುತ್ತೆ, ತುಂಬಿದ ಹೊಟ್ಟೆಗೂ ಬರುತ್ತೆ. ಹೊರಡೋ ಒಂದು ಗಂಟೆ ಮುಂಚೆ ಎರಡು ಇಡ್ಲಿ, ಮಗಳಿಗೆ ಒಂದೋ ಒಂದೂವರೆಯೋ, ತೆಳು ಚಟ್ನಿ. ಮೊಸರವಲಕ್ಕಿ ಬೇಡ, ಹಾಲು ಬೇಡ, ವಡೆ ಪೂರಿ ಮಸಾಲೆ ದೋಸೆ ಯಾವುದೂ ಬೇಡ. ಎಣ್ಣೆ ಪದಾರ್ಥ ಹೊಟ್ಟೇಲಿ ಬಹಳ ಹೊತ್ತು ಕೂರುತ್ತೆ. ಮಾತ್ರೆ ನುಂಗೋಕೆ ಅರ್ಧ ಲೋಟ ನೀರು ಸಾಕು, ಆಮೇಲೆ ಗುಟುಕು ಗುಟುಕಾಗಿ.

ದಾರಿಯಲ್ಲಿ ಒಣ ಮಂಡಕ್ಕಿ, ಉಪ್ಪು ಬಿಸ್ಕೆಟ್ಟು. ತೀರ್ಥಹಳ್ಳಿ ಸ್ಟ್ಯಾಂಡಲ್ಲಿ ಬಸ್ಸು ನಿಂತಾಗ ಕೆಳಗಿಳಿಸಿ ನಿಲ್ಲಿಸಿ, ತಿನ್ನಿಸಬೇಡಿ. ನೆಲದ ಮೇಲೆ ಹತ್ತು ನಿಮಿಷ ನಿಂತರೆ ಮಂಡಗದ್ದೆಯ ಸಾಲ ಸ್ವಲ್ಪ ತೀರುತ್ತೆ. ಆ ಹತ್ತು ನಿಮಿಷದಲ್ಲಿ ಬಿಸಿ ಬೋಂಡ ಕಾಫಿ ಹಾಕಿದರೆ ಹೊಸ ಸಾಲ.

ಮೆಡಿಕಲ್‌ಶಾಪ್
ಶುಂಠಿ ಮರೆತಿರಿ. ನಿಂಬೆಗಿಂತ ಅದು ವಾಸಿ. ಹೆಬ್ಬೆರಳ ತುದಿಯಷ್ಟು ಹಸಿ ಶುಂಠಿ ಉಪ್ಪಿನ ಜೊತೆ ಅಗಿದರೆ ಕೆಲವರಿಗೆ ವಾಕರಿಕೆ ಇಳಿಯುತ್ತೆ. ಎಲ್ಲರಿಗೂ ಅಲ್ಲ. ಅಮ್ಮ ರಕ್ತ ತೆಳುವಾಗಿಸೋ ಮಾತ್ರೆ ತಗೋತಿದ್ದರೆ ಜಾಸ್ತಿ ಬೇಡ.

ಪುರಾವೆಎಲ್ಲಿ
ಶುಂಠಿಗೆ ಪುರಾವೆ ಅರ್ಧಂಬರ್ಧ. ನಿಂಬೆಹಣ್ಣಿಗೆ ಅದೂ ಇಲ್ಲ. ಮಣಿಕಟ್ಟಿಗೆ ಕಟ್ಟೋ ಗುಂಡಿಪಟ್ಟಿಗೂ ಹೇಳಿಕೊಳ್ಳುವಂಥದ್ದಿಲ್ಲ. ಸೀಟಿನ ಕೆಳಗೆ ನ್ಯೂಸ್ ಪೇಪರ್ ಹಾಸಿ ಕೂರೋದು ಅಂತ ಯಾರಾದರೂ ಇನ್ನೇನು ಹೇಳ್ತಾರೆ ನೋಡಿ.

ಸರಸ್ವತಿ_ಬಿ
ಪೇಪರ್ ಹಾಸಿ ಕೂತರೆ ಆಗಲ್ಲ ಅಂತ ನಮ್ಮತ್ತೆ ಹೇಳೋರು, ನಿಜ!

ಪುರಾವೆಎಲ್ಲಿ
😐

ಹೆಬ್ರಿಪೇಟೆ
ಪೇಪರ್ ಬೇಕು, ಆದರೆ ಕೂರ್ಲಿಕ್ಕಲ್ಲ. ಕವರ್ ಒಳಗೆ ಹಾಕ್ಲಿಕ್ಕೆ. ಎರಡು ದಪ್ಪ ಕವರ್ ಒಂದರೊಳಗೆ ಒಂದು, ತಳದಲ್ಲಿ ಎರಡು ಹಾಳೆ ಮುದುರಿ ಹಾಕಿ, ದ್ರವ ಹೀರ್ತದೆ, ಚೆಲ್ಲುದಿಲ್ಲ. ಹಣ್ಣಿನಂಗಡಿ ಕವರ್ ತರುವವರು ಮೊದಲು ಊದಿ ನೋಡಿ, ಕೆಲವಕ್ಕೆ ಗಾಳಿಗೆ ಅಂತ ತೂತು ಇರ್ತದೆ. ತೂತಿನ ಕವರಿನ ಪರಿಣಾಮ ಹೇಳುವುದು ಬೇಡ.

ಕಿಟಕಿಯಿಂದ ತಲೆ ಹೊರಗೆ ಹಾಕ್ಲಿಕ್ಕೆ ಬಿಡಬೇಡಿ. ಆ ತಿರುವಲ್ಲಿ ಎದುರಿನ ಗಾಡಿ ಗೇಣು ಅಂತರದಲ್ಲಿ ಹೋಗ್ತದೆ. ಕವರನ್ನೂ ಕಾಡಿಗೆ ಎಸೀಬೇಡಿ, ಅದು ಸೋಮೇಶ್ವರ ವನ್ಯಧಾಮ. ಗಂಟು ಹಾಕಿ ಹೆಬ್ರಿವರೆಗೆ ಇಟ್ಕೊಳ್ಳಿ.

ಪುಟ್ಟನಮ್ಮ
ಮಧ್ಯೆ ಬಾಯಿ ಹಾಕ್ತಿದ್ದೀನಿ. ನಮ್ಮ ಮಗೂಗೆ 18 ತಿಂಗಳು, ನಾವೂ ಮುಂದಿನ ತಿಂಗಳು ಆಗುಂಬೆ ಮೇಲೆ ಹೋಗ್ತೀವಿ. ಕಾಲು ಮಾತ್ರೆ ಕೊಡಬಹುದಾ?

ಮೆಡಿಕಲ್‌ಶಾಪ್
ಕೊಡಲೇಬೇಡಿ. ಎರಡು ವರ್ಷದ ಒಳಗಿನವರಿಗೆ ಪ್ರೊಮೆಥಜಿನ್ ಅಪಾಯ, ಉಸಿರಾಟವೇ ನಿಧಾನ ಆಗಬಹುದು. ಕಾಲು ಮಾತ್ರೆಯೂ ಬೇಡ, ಚೂರೂ ಬೇಡ. ಆ ವಯಸ್ಸಿನ ಮಕ್ಕಳಿಗೆ ಬಸ್ಸಿನ ವಾಂತಿ ಬರೋದೇ ಅಪರೂಪ. ಬಂದರೆ ಹೊಟ್ಟೆ ತುಂಬ ಹಾಲು ಕುಡಿಸಿ ಕೂಡಲೇ ಹತ್ತಿಸಿದ್ದು ಕಾರಣ ಇರಬಹುದು, ಇಲ್ಲಾ ಬೇರೆ ತೊಂದರೆ ಇರಬಹುದು.

ಪುಟ್ಟನಮ್ಮ
ಥ್ಯಾಂಕ್ಸ್, ಕೇಳಿದ್ದು ಒಳ್ಳೇದಾಯ್ತು.

ಡೆಟ್ರಾಯ್ಟ್‌ಕನ್ನಡಿಗ
ಇಲ್ಲಿ ಅಮೆರಿಕದಲ್ಲಿ ಕಿವಿ ಹಿಂದೆ ಅಂಟಿಸೋ ಸ್ಕೋಪೊಲಮಿನ್ ಪ್ಯಾಚ್ ಕೊಡ್ತಾರೆ, ಡಾಕ್ಟರ್ ಚೀಟಿ ಬೇಕು. ಹೊರಡೋ ನಾಲ್ಕು ಗಂಟೆ ಮುಂಚೆ ಅಂಟಿಸಿದರೆ ಮೂರು ದಿನ. ಊರಿಗೆ ಬರುವಾಗ ನಿಮ್ಮಮ್ಮನಿಗೆ ತರಲಾ?

ತುಂಗಾತೀರ
ತುಂಬಾ ಥ್ಯಾಂಕ್ಸ್, ಆದರೆ ಭಾನುವಾರವೇ ಪ್ರಯಾಣ. ಅಂದಹಾಗೆ ಅಮ್ಮ ರಾತ್ರಿ ಕಣ್ಣಿಗೆ ಡ್ರಾಪ್ಸ್ ಹಾಕ್ಕೋತಾರೆ, ಗ್ಲಾಕೋಮಾ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಲ್ವಾ?

ಮೆಡಿಕಲ್‌ಶಾಪ್
ಇದೆ! ಇದನ್ನ ಮೊದಲೇ ಹೇಳಬೇಕಿತ್ತು. ಅವೊಮಿನ್ ಅಮ್ಮನಿಗೆ ಸದ್ಯಕ್ಕೆ ನಿಲ್ಲಿಸಿ. ಪ್ಯಾಚಂತೂ ಬೇಡವೇ ಬೇಡ. ಈ ಔಷಧಿಗಳು ಕಣ್ಣಿನ ಪಾಪೆ ಹಿಗ್ಗಿಸಬಲ್ಲವು. ಗ್ಲಾಕೋಮಾದಲ್ಲಿ ಕೋನ ಕಿರಿದಾದ ಬಗೆ ಇದ್ದರೆ ಒತ್ತಡ ಒಮ್ಮೆಗೇ ಏರಬಹುದು. ಕೋನ ತೆರೆದ ಬಗೆಯಾದರೆ ಅಷ್ಟು ಭಯವಿಲ್ಲ, ಆದರೆ ಯಾವುದು ಅಂತ ಡ್ರಾಪ್ಸ್ ಬಾಟಲಿ ನೋಡಿ ನಾನು ಹೇಳೋಕಾಗಲ್ಲ. ಶನಿವಾರದೊಳಗೆ ಕಣ್ಣಿನ ಡಾಕ್ಟರಿಗೆ ಒಂದು ಫೋನು. ಮೂತ್ರ ಕಟ್ಟೋ ತೊಂದರೆ ಇರೋ ಗಂಡಸರಿಗೂ ಇದೇ ಮಾತು, ಓದ್ತಿರೋರು ಗಮನಿಸಿ.

ಘಾಟಿಲೆಕ್ಕ
ಹಾಗಿದ್ದರೆ ಸೀಟಿನ ಲೆಕ್ಕ ಬದಲಾಗುತ್ತೆ. ಮಾತ್ರೆಯ ಬಲ ಇಲ್ಲದ ಅಮ್ಮನಿಗೆ ಒಳ್ಳೆ ಸೀಟು, ಅರ್ಧ ಮಾತ್ರೆ ತಗೊಂಡ ಮಗಳಿಗೆ ಎರಡನೆಯದು. ಎಡಗಡೆ ಮೊದಲ ಸಾಲು ಸಿಕ್ಕರೆ ಅಮ್ಮ ಕಿಟಕಿ, ಮಗಳು ಪಕ್ಕ. ಆ ಒಂದು ಸೀಟಲ್ಲಿ ಗಾಳಿಯೂ ಉಂಟು, ನೋಟವೂ ಉಂಟು.

ಅಮ್ಮನಿಗೆ ಉಸಿರಿನ ಉಪಾಯ ಹೇಳಿಕೊಡಿ: ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ, ಮೂಗಿನಿಂದಲೇ. ಆಕಳಿಕೆ ಮೇಲೆ ಆಕಳಿಕೆ ಬಂದರೆ, ಬಾಯಲ್ಲಿ ನೀರೂರಿದರೆ, ಮೇಲ್ದುಟಿ ತಣ್ಣಗೆ ಬೆವೆತರೆ ಆಗಲೇ ಶುರು ಮಾಡಬೇಕು, ಓಕರಿಕೆ ಬಂದಮೇಲಲ್ಲ. ಮಗಳ ವಿಷಯದಲ್ಲಿ ಗುರುತು ಇನ್ನೂ ಸುಲಭ, ಮಾತು ನಿಲ್ಲಿಸಿದಳು ಅಂದರೆ ಕವರ್ ಕೈಗೆ ತಗೊಳ್ಳಿ.

ಕೊನೇಸೀಟು
ವಾಂತಿ ಆದಮೇಲೆ ಕೂಡಲೇ ನೀರು ಕುಡಿಸಬೇಕು ತಾನೆ?

ಮೆಡಿಕಲ್‌ಶಾಪ್
ಬಾಯಿ ಮುಕ್ಕಳಿಸಲಿ, ಕುಡಿಯೋದು ಹತ್ತು ಹದಿನೈದು ನಿಮಿಷ ಬಿಟ್ಟು. ಆಮೇಲೆ ಒಂದೊಂದೇ ಗುಟುಕು. ಎರಡು ಮೂರು ಸಲ ಆದರೆ ಓಆರ್‌ಎಸ್. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಸಣ್ಣದು 200 ಮಿಲಿಗೆ, ಪೊಟ್ಟಣದ ಮೇಲೆ ಓದಿ ಕಲಸಿ. ದೊಡ್ಡ ಪೊಟ್ಟಣವನ್ನ ಅರ್ಧ ಲೀಟರ್ ಬಾಟಲಿಗೆ ಸುರಿದರೆ ಉಪ್ಪು ಇಮ್ಮಡಿಯಾಗುತ್ತೆ, ಮಗುವಿಗೆ ಒಳ್ಳೇದಲ್ಲ.

ಹೆಬ್ರಿಪೇಟೆ
ವಾಪಸ್ ಬರುವ ಲೆಕ್ಕ ಹಾಕಿದ್ದೀರಾ? ಕೃಷ್ಣಮಠದಲ್ಲಿ ಊಟ ಮಾಡಿ, ಸಾರು ಪಾಯಸ ಎಲ್ಲ ಉಂಡು, ಕೈ ತೊಳೆದು ಒಂದು ಗಂಟೆಯ ಬಸ್ಸಿಗೆ ಓಡುವವರು ತುಂಬ ಜನ. ಎರಡು ಗಂಟೆಯಾದರೂ ಬಿಟ್ಟು ಹತ್ತಿ.

ಘಾಟಿಲೆಕ್ಕ
ಹೌದು. ಹತ್ತುವಾಗ ಬಸ್ಸು ಸಣ್ಣ ಗೇರಲ್ಲಿ ಏರುತ್ತೆ, ಬ್ರೇಕಿನ ಎಳೆದಾಟ ಕಮ್ಮಿ, ಇಳಿಯೋದಕ್ಕಿಂತ ಸಾಮಾನ್ಯವಾಗಿ ವಾಸಿ. ಆದರೆ ಘಾಟಿ ಮುಗೀತು ಅಂತ ಆಗುಂಬೆಯಲ್ಲಿ ಮಗಳಿಗೆ ಮೊಬೈಲ್ ಕೊಡಬೇಡಿ, ಮಂಡಗದ್ದೆ ಇನ್ನೂ ಬಾಕಿ.

ತುಂಗಾತೀರ
ಕಣ್ಣಿನ ಡಾಕ್ಟರ್ ಹತ್ತಿರ ಮಾತಾಡಿದೆ. ಅಮ್ಮನಿಗೆ ಕೋನ ಕಿರಿದು, ಈ ಮಾತ್ರೆ ಬೇಡ ಅಂದರು. ಮಕ್ಕಳ ಡಾಕ್ಟರ್ ಮಗಳಿಗೆ ಅರ್ಧ ಸರಿ ಅಂದರು. ಆದರೆ ಅಮ್ಮ ಮೊದಲ ಸೀಟಿಗೆ ಒಪ್ತಿಲ್ಲ. ಮುಂದಿನ ಗಾಜಲ್ಲಿ ಆ ಪ್ರಪಾತ ನೋಡಿದರೆ ಭಯಕ್ಕೇ ವಾಂತಿ ಬರುತ್ತಂತೆ. ಹಿಂದಿನ ಸಾಲಲ್ಲಿ ಕಿಟಕಿ ಪಕ್ಕ ಕಣ್ಣು ಮುಚ್ಚಿ ಕೂರ್ತಾರಂತೆ.

ಪುರಾವೆಎಲ್ಲಿ
ಭಯಪಡೋರನ್ನ ಬಲವಂತವಾಗಿ ಮುಂದೆ ಕೂರಿಸೋದರಲ್ಲಿ ಅರ್ಥವಿಲ್ಲ, ಅವರಿಷ್ಟಕ್ಕೆ ಬಿಡಿ.

ಘಾಟಿಲೆಕ್ಕ
ನನಗೆ ಪೂರ್ತಿ ಒಪ್ಪಿಗೆ ಇಲ್ಲ, ಆಗುಂಬೆ ತನಕವಾದರೂ ಮುಂದೆ ಕೂರಲಿ, ಅಲ್ಲಿವರೆಗೆ ಆ ಪ್ರಪಾತ ಇಲ್ಲವಲ್ಲ. ಆಗುಂಬೆಯಲ್ಲಿ ಮಗಳ ಜೊತೆ ಜಾಗ ಅದಲುಬದಲು ಮಾಡಿಕೊಳ್ಳಿ. ಆಮೇಲೆ ತಲೆ ಒರಗಿಸಿ ಕಣ್ಣು ಮುಚ್ಚಿ ಉಸಿರು ಎಣಿಸಲಿ.

ಗಿರ್ಮಿಟ್
ಅಮ್ಮಾರು ಏನ್ ಮಾಡತಾರ ಅಂತ ಸೋಮವಾರ ಬಂದು ಹೇಳ್ರಿ.

ಹೆಬ್ರಿಪೇಟೆ
ಎಲ್ಲ ಸರಿ, ಭಾನುವಾರ ಏಳರ ಬಸ್ಸಲ್ಲಿ ಎಡದ ಮೊದಲ ಸೀಟು ನಿಮಗೆ ಕಾದು ಕೂತಿರುದಿಲ್ಲ. ಆರೂಕಾಲಿಗೆ ಸ್ಟ್ಯಾಂಡಲ್ಲಿ ಇರಬೇಕು.

ತುಂಗಾತೀರ
ಹಾಗಾದರೆ ಇಡ್ಲಿ ಐದೂಮುಕ್ಕಾಲಿಗೆ, ಮಾತ್ರೆ ಅದರ ಹಿಂದೆಯೇ. ಮಗಳನ್ನ ಐದಕ್ಕೆ ಎಬ್ಬಿಸೋದು ಹೇಗೆ ಅಂತ ಇನ್ನೊಂದು ಪೋಸ್ಟ್ ಹಾಕಬೇಕು.